ಕುಮಟಾದಿಂದ ಒಂದು ಬಸ್ಸು ಉತ್ತರಕ್ಕೆ, ಒಂದು ಲಾರಿ ಪೂರ್ವಕ್ಕೆ: ನಡುವಿನ ದೂರ ಕಂಡುಹಿಡಿಯುವ ಸಮಗ್ರ ಮಾರ್ಗದರ್ಶಿ

ಬೆಳಿಗ್ಗೆ 8 ಗಂಟೆ. ಕುಮಟಾದಿಂದ ಒಂದು ಬಸ್ಸು ಅಂಕೋಲಾ ಕಡೆ ಹೊರಡುತ್ತದೆ. ಅದೇ ಜಾಗದಿಂದ, ಅದೇ ಹೊತ್ತಿಗೆ ಒಂದು ಲಾರಿ ಶಿರಸಿ ರಸ್ತೆಗೆ ತಿರುಗುತ್ತದೆ. ಬಸ್ಸು ಉತ್ತರಕ್ಕೆ, ಗಂಟೆಗೆ 48 ಕಿ.ಮೀ. ವೇಗ. ಲಾರಿ ಪೂರ್ವಕ್ಕೆ, ಗಂಟೆಗೆ 36 ಕಿ.ಮೀ. ವೇಗ. 40 ನಿಮಿಷ ಕಳೆದ ಮೇಲೆ ಎರಡರ ನಡುವೆ ನೇರ ದೂರ ಎಷ್ಟು?

ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಇಂಥ ಲೆಕ್ಕ ಹೊಸದಲ್ಲ. ರೈಲು, ವಿಮಾನ, ಹಡಗು ಅಂತ ಹೆಸರು ಬದಲಾಗುತ್ತದೆ, ಒಳಗಿನ ಲೆಕ್ಕ ಒಂದೇ. ಪೈಥಾಗೊರಸ್ ಪ್ರಮೇಯ ಹಾಕಿ ಉತ್ತರ ಬರೆಯುವುದು ಐದು ನಿಮಿಷದ ಕೆಲಸ. ಆದರೆ ಒಂದು ಗಾಡಿ ತಡವಾಗಿ ಹೊರಟರೆ ಏನಾಗುತ್ತದೆ, ನಮ್ಮೂರಿನ ನಿಜವಾದ ರಸ್ತೆಯ ಮೇಲೆ ಈ ಲೆಕ್ಕ ಎಷ್ಟು ನಿಲ್ಲುತ್ತದೆ ಅಂತ ಕೇಳಿದರೆ ಹೆಚ್ಚಿನವರು ತಡವರಿಸುತ್ತಾರೆ. ಅದಕ್ಕೇ ಸುಲಭದ ಭಾಗವನ್ನು ಬೇಗ ಮುಗಿಸಿ, ಈ ಎರಡು ಕಡೆ ನಿಧಾನವಾಗಿ ಹೋಗೋಣ.

ಮೊದಲು ಪ್ರಶ್ನೆಯನ್ನು ಸರಿಯಾಗಿ ಓದಿ

ಪೆನ್ನು ಹಿಡಿಯುವ ಮುಂಚೆ ನಾಲ್ಕು ವಿಷಯ ನೋಡಿಕೊಳ್ಳಬೇಕು. ಎರಡೂ ಗಾಡಿ ಒಂದೇ ಜಾಗದಿಂದ ಹೊರಟಿವೆಯಾ? ಒಂದೇ ಹೊತ್ತಿಗೆ ಹೊರಟಿವೆಯಾ? ಅವು ಹೋಗುವ ದಿಕ್ಕುಗಳ ನಡುವೆ ಲಂಬಕೋನ ಇದೆಯಾ? ವೇಗ ದಾರಿಯುದ್ದಕ್ಕೂ ಒಂದೇ ಆಗಿದೆಯಾ?

ನಮ್ಮ ಪ್ರಶ್ನೆಯಲ್ಲಿ ನಾಲ್ಕಕ್ಕೂ ಹೌದು ಎಂದೇ ಉತ್ತರ. ಕೊನೆಯದು ಮಾತ್ರ ಸ್ವಲ್ಪ ಎಳೆದು ಹೇಳಿದ ಮಾತು. ಮಿರ್ಜಾನ್‌ನಲ್ಲಿ ಜನ ಹತ್ತಿಸಿಕೊಳ್ಳಲು ನಿಲ್ಲುವ ಬಸ್ಸು ಗಂಟೆಗೆ 48ರಲ್ಲೇ ಓಡುತ್ತಿರಲು ಸಾಧ್ಯವಿಲ್ಲ ಅಲ್ವಾ. ಇಲ್ಲಿ 48 ಅಂದರೆ ಸರಾಸರಿ ವೇಗ, ನಿಂತ ಹೊತ್ತನ್ನೂ ಸೇರಿಸಿ. ಆ 40 ನಿಮಿಷದ ಸರಾಸರಿ ಎಂದು ಇಟ್ಟುಕೊಂಡರೆ ಲೆಕ್ಕಕ್ಕೆ ಏನೂ ತೊಂದರೆ ಇಲ್ಲ.

ಚಿತ್ರ ಬರೆಯಿರಿ

ಹಾಳೆಯ ಕೆಳಗಿನ ಎಡ ಮೂಲೆಯಲ್ಲಿ ಒಂದು ಚುಕ್ಕಿ ಇಡಿ. ಅದು ಕುಮಟಾ. ಅಲ್ಲಿಂದ ನೇರ ಮೇಲಕ್ಕೆ ಒಂದು ಗೆರೆ, ಅದು ಬಸ್ಸಿನ ದಾರಿ. ನೇರ ಬಲಕ್ಕೆ ಇನ್ನೊಂದು ಗೆರೆ, ಅದು ಲಾರಿಯ ದಾರಿ. ಎರಡು ಗೆರೆಗಳ ತುದಿಗಳನ್ನು ಓರೆಯಾಗಿ ಸೇರಿಸಿ. ಈ ಓರೆ ಗೆರೆಯೇ ನಾವು ಹುಡುಕುತ್ತಿರುವ ದೂರ, ತ್ರಿಭುಜದ ವಿಕರ್ಣ.

ಚಿತ್ರ ಬರೆಯದೆ ಲೆಕ್ಕ ಶುರು ಮಾಡುವ ಮಕ್ಕಳು ಸಾಮಾನ್ಯವಾಗಿ ಎರಡು ದೂರಗಳನ್ನು ಸುಮ್ನೆ ಕೂಡಿಸಿಬಿಡುತ್ತಾರೆ. ಕೂಡಿಸುವುದು ಗಾಡಿಗಳು ಎದುರುಬದುರು ದಿಕ್ಕಿಗೆ ಹೋದಾಗ, ಅಂದರೆ ಒಂದು ಅಂಕೋಲಾಕ್ಕೆ, ಇನ್ನೊಂದು ಹೊನ್ನಾವರಕ್ಕೆ ಹೊರಟಾಗ. ಎರಡೂ ಒಂದೇ ದಿಕ್ಕಿಗೆ ಹೋದರೆ ಕಳೆಯಬೇಕು. ಲಂಬಕೋನದಲ್ಲಿ ಹೋದರೆ ಕೂಡಿಸುವುದೂ ಅಲ್ಲ, ಕಳೆಯುವುದೂ ಅಲ್ಲ. ಉತ್ತರ ಇವೆರಡರ ನಡುವೆ ಎಲ್ಲೋ ಬರುತ್ತದೆ. ಎಲ್ಲಿ ಅನ್ನುವುದನ್ನು ಚಿತ್ರದ ಓರೆ ಗೆರೆ ಹೇಳುತ್ತದೆ.

ಸಮಯವನ್ನು ಗಂಟೆಗೆ ತನ್ನಿ

ವೇಗ ಗಂಟೆಗಳಲ್ಲಿದೆ, ಸಮಯ ನಿಮಿಷಗಳಲ್ಲಿದೆ. ಇದು ಹೊಂದಬೇಕು. 40 ನಿಮಿಷ ಎಂದರೆ 40/60 ಗಂಟೆ, ಅಂದರೆ 2/3 ಗಂಟೆ.

ಬಸ್ಸು ಹೋದ ದೂರ: 48 × 2/3 = 32 ಕಿ.ಮೀ.
ಲಾರಿ ಹೋದ ದೂರ: 36 × 2/3 = 24 ಕಿ.ಮೀ.

40 ನಿಮಿಷವನ್ನು 0.40 ಗಂಟೆ ಎಂದು ಬರೆಯುವುದು ಈ ಲೆಕ್ಕದಲ್ಲಿ ಅತಿ ಹೆಚ್ಚು ಕಾಣುವ ತಪ್ಪು. ಹಾಗೆ ಬರೆದರೆ ಬಸ್ಸು 19.2 ಕಿ.ಮೀ., ಲಾರಿ 14.4 ಕಿ.ಮೀ. ಹೋದ ಹಾಗಾಗುತ್ತದೆ. ಕೊನೆಯಲ್ಲಿ 24 ಕಿ.ಮೀ. ಎಂಬ ಚೆಂದದ ಉತ್ತರವೂ ಬರುತ್ತದೆ. ಅಂಕಿ ಚೆಂದ ಇದ್ದುದರಿಂದ ಅನುಮಾನವೇ ಬರುವುದಿಲ್ಲ. ಹಿಡಿಯುವ ದಾರಿ ಸರಳ. 40 ನಿಮಿಷ ಅರ್ಧ ಗಂಟೆಗಿಂತ ಜಾಸ್ತಿ. ಅರ್ಧ ಗಂಟೆಗೇ ಬಸ್ಸು 24 ಕಿ.ಮೀ. ಹೋಗಿರಬೇಕು. 19.2 ಅದಕ್ಕಿಂತ ಕಡಿಮೆ. ಹಾಗಾಗಿ ಎಲ್ಲೋ ಎಡವಿದೆ ಎಂದು ಅಲ್ಲೇ ಗೊತ್ತಾಗುತ್ತದೆ.

ವರ್ಗ, ಕೂಡಿಕೆ, ವರ್ಗಮೂಲ

ಈಗ ಪೈಥಾಗೊರಸ್. ಉತ್ತರದ ದೂರವನ್ನು x, ಪೂರ್ವದ ದೂರವನ್ನು y, ನಡುವಿನ ದೂರವನ್ನು d ಎಂದು ಕರೆಯೋಣ.

d² = x² + y²
d² = 32² + 24² = 1024 + 576 = 1600
d = 40 ಕಿ.ಮೀ.

ಉತ್ತರ ಬಂದ ಮೇಲೆ ಒಂದು ಸಣ್ಣ ಪರೀಕ್ಷೆ ಮಾಡಿ. d ಎರಡು ದೂರಗಳಲ್ಲಿ ದೊಡ್ಡದಕ್ಕಿಂತ ಜಾಸ್ತಿ ಇರಬೇಕು, ಎರಡರ ಮೊತ್ತಕ್ಕಿಂತ ಕಡಿಮೆ ಇರಬೇಕು. 40 ಎನ್ನುವುದು 32ಕ್ಕಿಂತ ಜಾಸ್ತಿ, 56ಕ್ಕಿಂತ ಕಡಿಮೆ. ಸರಿ ಇದೆ. ವರ್ಗಮೂಲ ತೆಗೆಯಲು ಮರೆತು 1600 ಕಿ.ಮೀ. ಎಂದು ಬರೆದವರೂ, ವರ್ಗ ಮಾಡದೆ ಕೂಡಿಸಿದವರೂ ಇದೇ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತಾರೆ.

ಇಲ್ಲಿ ನಾನು ವೇಗಗಳನ್ನು ಬೇಕೆಂದೇ 4:3ರ ಅನುಪಾತದಲ್ಲಿ ಆರಿಸಿದ್ದೇನೆ. ಅದಕ್ಕೇ ವರ್ಗಮೂಲ ಪೂರ್ಣ ಸಂಖ್ಯೆಯಾಗಿ ಬಂತು. ವೇಗ 45 ಮತ್ತು 40 ಆಗಿದ್ದರೆ? ಒಂದು ಗಂಟೆಯ ನಂತರದ ದೂರಕ್ಕೆ 2025 + 1600 = 3625ರ ವರ್ಗಮೂಲ ಬೇಕು. ಹತ್ತಿರದ ಪೂರ್ಣ ವರ್ಗ 3600, ಅದರ ಮೂಲ 60. ಉಳಿದದ್ದು 25. ಆ 25ನ್ನು 60ರ ಎರಡರಷ್ಟರಿಂದ, ಅಂದರೆ 120ರಿಂದ ಭಾಗಿಸಿದರೆ ಸುಮಾರು 0.2. ಉತ್ತರ 60.2. ಕ್ಯಾಲ್ಕುಲೇಟರ್ ಒತ್ತಿದರೆ 60.208 ಬರುತ್ತದೆ. ಪರೀಕ್ಷೆಯ ಕೋಣೆಯಲ್ಲಿ ಇಷ್ಟು ನಿಖರತೆ ಬೇಕಾದಷ್ಟಾಯಿತು. ಉಳಿಕೆ ಚಿಕ್ಕದಾಗಿದ್ದಷ್ಟೂ ಈ ವಿಧಾನ ಸರಿಯಾಗಿ ಕೆಲಸ ಮಾಡುತ್ತದೆ. ಉಳಿಕೆ ದೊಡ್ಡದಾಗಿ ಕಂಡರೆ ಮೇಲಿನ ಪೂರ್ಣ ವರ್ಗದಿಂದ ಕೆಳಗಿಳಿದು ಬನ್ನಿ.

ಸಮಯವನ್ನು ಹೊರಗೆ ತೆಗೆಯುವುದು

ಇನ್ನೊಂದು ದಾರಿ ಇದೆ, ನನಗೆ ಇದೇ ಜಾಸ್ತಿ ಇಷ್ಟ. ದೂರಗಳನ್ನು ಲೆಕ್ಕ ಹಾಕುವ ಮುಂಚೆ ವೇಗಗಳನ್ನೇ ಪೈಥಾಗೊರಸ್‌ಗೆ ಹಾಕಿ.

√(48² + 36²) = √(2304 + 1296) = √3600 = 60

ಈ 60 ಏನು? ಬಸ್ಸು ಮತ್ತು ಲಾರಿ ಒಂದರಿಂದೊಂದು ದೂರವಾಗುವ ವೇಗ. ಗಂಟೆಗೆ 60 ಕಿ.ಮೀ., ಅಂದರೆ ನಿಮಿಷಕ್ಕೆ 1 ಕಿ.ಮೀ. 40 ನಿಮಿಷಕ್ಕೆ 40 ಕಿ.ಮೀ. 25 ನಿಮಿಷಕ್ಕೆ 25 ಕಿ.ಮೀ. ಯಾವಾಗ 50 ಕಿ.ಮೀ. ದೂರ ಇರುತ್ತವೆ ಎಂದು ತಿರುಗಿಸಿ ಕೇಳಿದರೂ ಉತ್ತರ ಬಾಯಲ್ಲೇ ಇದೆ: 50 ನಿಮಿಷಕ್ಕೆ, ಅಂದರೆ 8:50ಕ್ಕೆ.

ಇದು ಯಾಕೆ ಹೀಗೆ ಎಂದು ಚಿತ್ರದಲ್ಲೇ ನೋಡಬಹುದು. ಹತ್ತು ನಿಮಿಷ ಆದಾಗ ಬಸ್ಸು 8, ಲಾರಿ 6, ನಡುವೆ 10. ಇಪ್ಪತ್ತು ನಿಮಿಷ ಆದಾಗ 16, 12, 20. ಪ್ರತಿ ಸಲವೂ ತ್ರಿಭುಜದ ಆಕಾರ ಅದೇ, ಗಾತ್ರ ಮಾತ್ರ ದೊಡ್ಡದಾಗುತ್ತದೆ. ಸಮಯ ಎರಡರಷ್ಟಾದರೆ ಮೂರೂ ಬಾಹುಗಳು ಎರಡರಷ್ಟಾಗುತ್ತವೆ. ಹಾಗಾಗಿ ಓರೆ ಗೆರೆ ಒಂದೇ ವೇಗದಲ್ಲಿ ಬೆಳೆಯುತ್ತದೆ.

ಈ ದಾರಿಯ ಹಿಂದೆ ಒಂದು ಷರತ್ತಿದೆ. ಎರಡೂ ಗಾಡಿ ಒಂದೇ ಕ್ಷಣಕ್ಕೆ ಹೊರಟಿರಬೇಕು. ಷರತ್ತು ಮುರಿದರೆ ಏನಾಗುತ್ತದೆ ಎಂಬುದೇ ಈ ಲೆಕ್ಕದ ರುಚಿಯಾದ ಭಾಗ.

ಬಸ್ಸು ಇಪ್ಪತ್ತು ನಿಮಿಷ ತಡವಾದರೆ

ಲಾರಿ 8 ಗಂಟೆಗೇ ಹೊರಟಿತು. ಬಸ್ಸು ಮಾತ್ರ 8:20ಕ್ಕೆ ಹೊರಟಿತು. ವೇಗಗಳು ಮೊದಲಿನವೇ. 9 ಗಂಟೆಗೆ ನಡುವಿನ ದೂರ ಎಷ್ಟು?

ಇಲ್ಲಿ ಎರಡು ಗಾಡಿಗಳಿಗೆ ಎರಡು ಸಮಯ. ಇದನ್ನು ಮೊದಲೇ ಬೇರೆ ಬೇರೆ ಸಾಲಿನಲ್ಲಿ ಬರೆದುಕೊಳ್ಳಿ.

ಲಾರಿ ಓಡಿದ್ದು 60 ನಿಮಿಷ: 36 × 1 = 36 ಕಿ.ಮೀ.
ಬಸ್ಸು ಓಡಿದ್ದು 40 ನಿಮಿಷ: 48 × 2/3 = 32 ಕಿ.ಮೀ.
d = √(36² + 32²) = √(1296 + 1024) = √2320

48ರ ವರ್ಗ 2304. ಉಳಿಕೆ 16. 16/96 ಅಂದರೆ ಸುಮಾರು 0.17. ಉತ್ತರ 48.17 ಕಿ.ಮೀ.

60ರ ಸೂತ್ರ ಹಿಡಿದು ಕೂತರೆ ಒಂದು ಗಂಟೆಗೆ 60 ಕಿ.ಮೀ. ಎಂದೋ, 40 ನಿಮಿಷಕ್ಕೆ 40 ಕಿ.ಮೀ. ಎಂದೋ ಬರುತ್ತಿತ್ತು. ಎರಡೂ ತಪ್ಪು. ಎರಡರ ಸರಾಸರಿ 50 ಕೂಡ ತಪ್ಪು. ಹತ್ತಿರ ಬಂದ ತಪ್ಪು ಅಷ್ಟೇ.

ಹಾಗಾದರೆ ದೂರ ಬೆಳೆಯುವ ವೇಗಕ್ಕೆ ಏನಾಯಿತು? ಹತ್ತು ಹತ್ತು ನಿಮಿಷಕ್ಕೆ ಒಂದೊಂದು ಸಾಲು ಬರೆದು ನೋಡೋಣ. ನೀವೂ ಕೈಯಲ್ಲೇ ಮಾಡಿ ನೋಡಿದರೆ ಒಳ್ಳೆಯದು.

| ಹೊತ್ತು | ಲಾರಿ (ಕಿ.ಮೀ.) | ಬಸ್ಸು (ಕಿ.ಮೀ.) | ನಡುವಿನ ದೂರ | ಆ ಹತ್ತು ನಿಮಿಷದಲ್ಲಿ ಬೆಳೆದದ್ದು |
|---|---|---|---|---|
| 8:20 | 12 | 0 | 12.00 | 6.00 |
| 8:30 | 18 | 8 | 19.70 | 7.70 |
| 8:40 | 24 | 16 | 28.84 | 9.14 |
| 8:50 | 30 | 24 | 38.42 | 9.58 |
| 9:00 | 36 | 32 | 48.17 | 9.75 |

ಕೊನೆಯ ಕಾಲಂ ನೋಡಿ. ಬಸ್ಸು ಹೊರಡುವವರೆಗೆ ಹತ್ತು ನಿಮಿಷಕ್ಕೆ 6 ಕಿ.ಮೀ. ಬೆಳೆಯುತ್ತಿತ್ತು, ಅದು ಬರೀ ಲಾರಿಯ ವೇಗ. ಬಸ್ಸು ಹೊರಟ ಮೇಲೆ ನಿಧಾನವಾಗಿ ಏರುತ್ತಾ 10ರ ಹತ್ತಿರ ಹೋಗುತ್ತಿದೆ. 10 ಅಂದರೆ ಗಂಟೆಗೆ 60. ಎಷ್ಟು ಹೊತ್ತು ಓಡಿದರೂ ಅದು 60ನ್ನು ಮುಟ್ಟುವುದಿಲ್ಲ, ಹತ್ತಿರ ಹತ್ತಿರ ಹೋಗುತ್ತದೆ.

ಇದರಲ್ಲಿ ನಿಂತು ಯೋಚಿಸಬೇಕಾದ ಒಂದು ಕ್ಷಣ ಇದೆ, 8:20. ಬಸ್ಸು ಆಗಷ್ಟೇ ಗಂಟೆಗೆ 48ರಲ್ಲಿ ಹೊರಟಿದೆ. ಆದರೂ ಆ ಕ್ಷಣದಲ್ಲಿ ನಡುವಿನ ದೂರ ಬೆಳೆಯುವ ವೇಗ ಗಂಟೆಗೆ 36 ಮಾತ್ರ, ಲಾರಿಯದ್ದು ಅಷ್ಟೇ. ಬಸ್ಸಿನ 48 ಎಲ್ಲಿ ಹೋಯಿತು? ಲಾರಿ ಆಗ ನೇರ ಪೂರ್ವದಲ್ಲಿದೆ. ಬಸ್ಸು ಉತ್ತರಕ್ಕೆ ಸರಿಯುತ್ತಿದೆ, ಅಂದರೆ ಲಾರಿಯನ್ನು ನೋಡುವ ಗೆರೆಗೆ ಅಡ್ಡಲಾಗಿ. ಅಡ್ಡಲಾಗಿ ಸರಿದರೆ ಆ ಕ್ಷಣಕ್ಕೆ ದೂರ ಬೆಳೆಯುವುದಿಲ್ಲ, ದಿಕ್ಕು ಮಾತ್ರ ಬದಲಾಗುತ್ತದೆ. ಬಸ್ಸು ಮೇಲೆ ಹೋದ ಹಾಗೆ ನಡುವಿನ ಗೆರೆ ಓರೆಯಾಗುತ್ತಾ ಬರುತ್ತದೆ. ಆಗ ಬಸ್ಸಿನ ವೇಗದ ಒಂದು ಪಾಲು ಆ ಗೆರೆಯ ಉದ್ದಕ್ಕೂ ಸೇರತೊಡಗುತ್ತದೆ.

ಪಿಯುಸಿ ಮಕ್ಕಳು ಇದನ್ನು ಅವಕಲನದಿಂದ ಪಡೆಯಬಹುದು. d² = x² + y² ಎಂಬುದನ್ನು ಸಮಯಕ್ಕೆ ಅವಕಲಿಸಿದರೆ ಹೀಗೆ ಬರುತ್ತದೆ:

ದೂರವಾಗುವ ವೇಗ = (x × ಬಸ್ಸಿನ ವೇಗ + y × ಲಾರಿಯ ವೇಗ) / d

9 ಗಂಟೆಗೆ ಹಾಕಿ ನೋಡಿ. (32 × 48 + 36 × 36) / 48.17 = 2832 / 48.17, ಸುಮಾರು ಗಂಟೆಗೆ 58.8 ಕಿ.ಮೀ. ಕೋಷ್ಟಕದ ಕೊನೆಯ ಸಾಲು 9.75, ಅಂದರೆ ಗಂಟೆಗೆ 58.5. ಅದು ಹತ್ತು ನಿಮಿಷದ ಸರಾಸರಿ, ಇದು ಕೊನೆಯ ಕ್ಷಣದ್ದು. ಅದಕ್ಕೇ ಇದು ಚೂರು ಜಾಸ್ತಿ. ಎರಡೂ ಒಂದಕ್ಕೊಂದು ಹೊಂದುತ್ತವೆ.

8:20ಕ್ಕೆ ಹಾಕುವಾಗ x = 0, y = 12, d = 12. ಬಸ್ಸಿನ ಭಾಗ ಸೊನ್ನೆ ಗುಣಿಸಿ ಹೋಗುತ್ತದೆ, ಉಳಿಯುವುದು 36. ಮೇಲೆ ಮಾತಿನಲ್ಲಿ ಹೇಳಿದ್ದನ್ನೇ ಸೂತ್ರವೂ ಹೇಳುತ್ತದೆ.

ವೇಗವೇ ಗೊತ್ತಿಲ್ಲದಿದ್ದರೆ

ಹತ್ತನೇ ತರಗತಿಯ ವರ್ಗ ಸಮೀಕರಣದ ಪಾಠದಲ್ಲಿ ಪ್ರಶ್ನೆ ತಿರುಗಿಸಿ ಬರುತ್ತದೆ. ಎರಡೂ ಒಟ್ಟಿಗೆ ಹೊರಟಿವೆ. ಬಸ್ಸು ಲಾರಿಗಿಂತ ಗಂಟೆಗೆ 10 ಕಿ.ಮೀ. ಜೋರು. 2 ಗಂಟೆಯ ನಂತರ ನಡುವಿನ ದೂರ 100 ಕಿ.ಮೀ. ಇಬ್ಬರ ವೇಗ ಎಷ್ಟು?

ಒಟ್ಟಿಗೆ ಹೊರಟಿರುವುದರಿಂದ ಸಮಯವನ್ನು ಮೊದಲೇ ಹೊರಗೆ ತೆಗೆಯಬಹುದು. 2 ಗಂಟೆಗೆ 100 ಅಂದರೆ ದೂರವಾಗುವ ವೇಗ ಗಂಟೆಗೆ 50. ಲಾರಿಯ ವೇಗ v ಆದರೆ ಬಸ್ಸಿನದು v + 10.

v² + (v + 10)² = 2500
2v² + 20v − 2400 = 0
v² + 10v − 1200 = 0
(v + 40)(v − 30) = 0

v = 30 ಅಥವಾ −40. ವೇಗ ಋಣ ಆಗಲಾರದು, ಹಾಗಾಗಿ ಲಾರಿ 30, ಬಸ್ಸು 40. ಋಣ ಉತ್ತರವನ್ನು ಯಾಕೆ ಬಿಟ್ಟಿದ್ದು ಎಂದು ಒಂದು ಸಾಲು ಬರೆಯಿರಿ, ಆ ಕಾರಣವೂ ಲೆಕ್ಕದ ಒಂದು ಹೆಜ್ಜೆಯೇ. ಸಮಯವನ್ನು ಹೊರಗೆ ತೆಗೆಯದೆ 2v, 2v + 20 ಎಂದು ಹೊರಟರೂ ಇದೇ ಉತ್ತರ ಬರುತ್ತದೆ. ಆದರೆ ಅಂಕಿಗಳು ದೊಡ್ಡದಾಗಿ, ತಪ್ಪಿಗೆ ಜಾಗ ಜಾಸ್ತಿ.

ನಕ್ಷೆ ತೆಗೆದು ನೋಡೋಣ

ಇಲ್ಲಿವರೆಗೆ ಕುಮಟಾದಿಂದ ಅಂಕೋಲಾ ನೇರ ಉತ್ತರಕ್ಕೂ, ಶಿರಸಿ ನೇರ ಪೂರ್ವಕ್ಕೂ ಇದೆ ಎಂದು ಇಟ್ಟುಕೊಂಡೆವು. ನಿಜವಾಗಿ ಹಾಗಿದೆಯಾ? ಇದನ್ನು ಪರೀಕ್ಷಿಸಲು ಬೇಕಾಗುವುದೂ ಇದೇ ಉತ್ತರ-ಪೂರ್ವದ ಲೆಕ್ಕ. ಯಾವುದೇ ಎರಡು ಊರುಗಳ ಅಕ್ಷಾಂಶದ ವ್ಯತ್ಯಾಸ ಉತ್ತರ-ದಕ್ಷಿಣದ ದೂರ ಕೊಡುತ್ತದೆ, ರೇಖಾಂಶದ ವ್ಯತ್ಯಾಸ ಪೂರ್ವ-ಪಶ್ಚಿಮದ ದೂರ ಕೊಡುತ್ತದೆ. ವರ್ಗ ಮಾಡಿ, ಕೂಡಿಸಿ, ಮೂಲ ತೆಗೆದರೆ ನೇರ ದೂರ ಸಿಗುತ್ತದೆ.

ಒಂದು ಡಿಗ್ರಿ ಅಕ್ಷಾಂಶಕ್ಕೆ ಸುಮಾರು 111 ಕಿ.ಮೀ. ರೇಖಾಂಶದ ಗೆರೆಗಳು ಧ್ರುವದ ಕಡೆ ಹೋದಂತೆ ಹತ್ತಿರ ಬರುತ್ತವೆ. ಹಾಗಾಗಿ ನಮ್ಮ ಜಿಲ್ಲೆ ಇರುವ ಕಡೆ ಒಂದು ಡಿಗ್ರಿ ರೇಖಾಂಶಕ್ಕೆ ಸುಮಾರು 108 ಕಿ.ಮೀ. ಊರುಗಳ ಸ್ಥಾನ ದಶಮಾಂಶದ ಎರಡು ಅಂಕಿವರೆಗೆ ತೆಗೆದುಕೊಳ್ಳೋಣ:

ಕುಮಟಾ: 14.43 ಉತ್ತರ, 74.41 ಪೂರ್ವ
ಅಂಕೋಲಾ: 14.66 ಉತ್ತರ, 74.30 ಪೂರ್ವ
ಶಿರಸಿ: 14.62 ಉತ್ತರ, 74.84 ಪೂರ್ವ

ಕುಮಟಾದಿಂದ ಅಂಕೋಲಾ: ಉತ್ತರಕ್ಕೆ 0.23 × 111 = 25.5 ಕಿ.ಮೀ., ಪಶ್ಚಿಮಕ್ಕೆ 0.11 × 108 = 11.9 ಕಿ.ಮೀ. ನೇರ ದೂರ ಸುಮಾರು 28.
ಕುಮಟಾದಿಂದ ಶಿರಸಿ: ಉತ್ತರಕ್ಕೆ 21.1, ಪೂರ್ವಕ್ಕೆ 46.4. ನೇರ ದೂರ ಸುಮಾರು 51.

ನೋಡಿ, ಅಂಕೋಲಾ ನೇರ ಉತ್ತರಕ್ಕಿಲ್ಲ, ಪಶ್ಚಿಮದ ಕಡೆ ಸುಮಾರು 25 ಡಿಗ್ರಿ ವಾಲಿದೆ. ನಮ್ಮ ಕರಾವಳಿಯೇ ಹಾಗೆ ಓರೆಯಾಗಿ ಹೋಗುತ್ತದೆ, ಹೆದ್ದಾರಿ ಅದರ ಪಕ್ಕದಲ್ಲೇ ಸಾಗುತ್ತದೆ. ಶಿರಸಿಯೂ ನೇರ ಪೂರ್ವಕ್ಕಿಲ್ಲ, ಉತ್ತರದ ಕಡೆ ಸುಮಾರು 25 ಡಿಗ್ರಿ ಎದ್ದಿದೆ. ಎರಡೂ ದಿಕ್ಕು ತಪ್ಪು. ಹಾಗಾದರೆ ನಮ್ಮ ಲೆಕ್ಕ ಕೆಟ್ಟಿತಾ?

ಕೆಡಲಿಲ್ಲ. ಅಂಕೋಲಾದಿಂದ ಶಿರಸಿಗೆ ನಕ್ಷೆಯ ದೂರ ತೆಗೆಯೋಣ. ಉತ್ತರ-ದಕ್ಷಿಣ 0.04 × 111 = 4.4, ಪೂರ್ವಕ್ಕೆ 0.54 × 108 = 58.3. ನೇರ ದೂರ 58.5 ಕಿ.ಮೀ. ಈಗ ಕುಮಟಾದಲ್ಲಿ ಲಂಬಕೋನ ಇದೆ ಎಂದು ಇಟ್ಟುಕೊಂಡು ಪೈಥಾಗೊರಸ್ ಹಾಕಿ: √(28² + 51²) = √3385 = 58.2 ಕಿ.ಮೀ. ಎರಡೂ ಹೆಚ್ಚುಕಡಿಮೆ ಒಂದೇ!

ಕಾರಣ ಇಷ್ಟೇ. ಎರಡು ದಿಕ್ಕುಗಳೂ ಒಂದೇ ಕಡೆಗೆ, ಒಂದೇ 25 ಡಿಗ್ರಿ ತಿರುಗಿವೆ. ನಡುವಿನ ಕೋನ 90 ಡಿಗ್ರಿಯೇ ಉಳಿದಿದೆ. ಹಾಳೆಯನ್ನು ಸ್ವಲ್ಪ ಓರೆಯಾಗಿ ತಿರುಗಿಸಿದರೆ ಮೇಲೆ ಬರೆದ ತ್ರಿಭುಜದ ಅಳತೆ ಬದಲಾಗುವುದಿಲ್ಲವಲ್ಲ. ಪೈಥಾಗೊರಸ್‌ಗೆ ಉತ್ತರ, ಪೂರ್ವ ಎಂಬ ಹೆಸರುಗಳು ಬೇಡ. ಬೇಕಾಗಿರುವುದು ಲಂಬಕೋನ ಮಾತ್ರ. ಕುಮಟಾ ಆ ಲಂಬಕೋನದ ಮೂಲೆಯಲ್ಲಿ ಕೂತಿದೆ, ನಮಗೆ ಅದೃಷ್ಟ.

ಭೂಮಿ ದುಂಡಗಿದೆಯಲ್ಲ, ಅದರಿಂದ ಲೆಕ್ಕ ತಪ್ಪುವುದಿಲ್ಲವಾ ಎಂದು ಕೆಲವರು ಕೇಳುತ್ತಾರೆ. ಐವತ್ತು, ಅರವತ್ತು ಕಿ.ಮೀ. ದೂರಕ್ಕೆ ಅದರಿಂದ ಆಗುವ ವ್ಯತ್ಯಾಸ ಒಂದು ಮೀಟರನ್ನೂ ದಾಟುವುದಿಲ್ಲ. ನಾವು ಊರಿನ ಸ್ಥಾನವನ್ನು ಎರಡು ಅಂಕಿಗೆ ನಿಲ್ಲಿಸಿದ್ದರಿಂದ ಆಗುವ ತಪ್ಪು ಅದಕ್ಕಿಂತ ನೂರಾರು ಪಟ್ಟು ದೊಡ್ಡದು.

ರಸ್ತೆಯ ಸುತ್ತು

ಕೋನ ಉಳಿಯಿತು, ಆದರೆ ದೂರಗಳ ಕಥೆ ಬೇರೆ. ವೇಗವನ್ನು ಸಮಯದಿಂದ ಗುಣಿಸಿದರೆ ಸಿಗುವುದು ಚಕ್ರ ಉರುಳಿದ ದೂರ. ಕುಮಟಾದಿಂದ ಅಂಕೋಲಾಕ್ಕೆ ನೇರ ದೂರ 28 ಆದರೂ ಅಘನಾಶಿನಿ, ಗಂಗಾವಳಿ ಹೊಳೆಗಳ ಸೇತುವೆ ಹುಡುಕಿಕೊಂಡು ಹೋಗುವ ಹೆದ್ದಾರಿ ಮೂವತ್ತು ದಾಟುತ್ತದೆ. ಶಿರಸಿಗೆ ನೇರ 51, ರಸ್ತೆಯಲ್ಲಿ 60ರ ಆಸುಪಾಸು. ದೇವಿಮನೆ ಘಾಟಿಯಲ್ಲಿ ರಸ್ತೆ ಸುತ್ತಿ ಸುತ್ತಿ ಏರುತ್ತದೆ.

ನಮ್ಮ ಮೊದಲ ಲೆಕ್ಕವನ್ನೇ ಇದಕ್ಕೆ ಹೊಂದಿಸೋಣ. 40 ನಿಮಿಷದಲ್ಲಿ ಬಸ್ಸು ರಸ್ತೆಯಲ್ಲಿ 32 ಕಿ.ಮೀ. ಹೋಗಿದೆ. ಅಂದರೆ ಹೆಚ್ಚುಕಡಿಮೆ ಅಂಕೋಲಾ ಮುಟ್ಟಿದೆ, ನೇರ ದೂರ 28. ಲಾರಿ ರಸ್ತೆಯಲ್ಲಿ 24 ಹೋಗಿದೆ. 60ಕ್ಕೆ 51ರ ಪ್ರಮಾಣ ಹಿಡಿದರೆ ನೇರ ದೂರ ಸುಮಾರು 20. √(28² + 20²) = √1184, ಸುಮಾರು 34.4 ಕಿ.ಮೀ. ಹಾಳೆಯ ಮೇಲೆ 40, ನೆಲದ ಮೇಲೆ 34ರ ಹತ್ತಿರ.

ಈ ತಪ್ಪು ಯಾವಾಗಲೂ ಒಂದೇ ಕಡೆಗೆ ಇರುತ್ತದೆ. ರಸ್ತೆ ನೇರ ಗೆರೆಗಿಂತ ಚಿಕ್ಕದಾಗಲು ಸಾಧ್ಯವೇ ಇಲ್ಲ. ಹಾಗಾಗಿ ಕೋನ ಸರಿಯಾಗಿದ್ದರೆ ಹಾಳೆಯ ಉತ್ತರ ನಿಜಕ್ಕಿಂತ ಜಾಸ್ತಿಯೇ ಬರುತ್ತದೆ, ಕಡಿಮೆ ಬರುವುದಿಲ್ಲ. ಇನ್ನೊಂದು ಮಾತು. 60ಕ್ಕೆ 51ರ ಪ್ರಮಾಣ ಇಡೀ ದಾರಿಗೆ ಸರಾಸರಿ. ಕತಗಾಲದವರೆಗಿನ ದಾರಿಗೆ ಅಷ್ಟು ಸುತ್ತಿಲ್ಲ, ಘಾಟಿಯಲ್ಲಿ ಜಾಸ್ತಿ ಇದೆ. ಲಾರಿ ಎಲ್ಲಿದೆ ಎಂಬುದರ ಮೇಲೆ ಒಂದೆರಡು ಕಿ.ಮೀ. ಆಚೀಚೆ ಆಗಬಹುದು.

ಅಂಕೋಲಾದಲ್ಲಿ ಇದೇ ಲೆಕ್ಕ ಮಾಡಿದರೆ

ಕುಮಟಾದಲ್ಲಿ ಸರಿಹೋಯಿತು ಎಂದು ಎಲ್ಲ ಕಡೆ ಸರಿಹೋಗುವುದಿಲ್ಲ. ಅಂಕೋಲಾ ಬಳಿಯೂ ಹೆದ್ದಾರಿ ಒಡೆಯುತ್ತದೆ. ಒಂದು ಕಾರವಾರಕ್ಕೆ, ಇನ್ನೊಂದು ಅರಬೈಲ್ ಘಾಟಿ ಹತ್ತಿ ಯಲ್ಲಾಪುರ, ಹುಬ್ಬಳ್ಳಿ ಕಡೆಗೆ. ಮಾತಿನಲ್ಲಿ ಇದೂ ಉತ್ತರ ಮತ್ತು ಪೂರ್ವವೇ.

ಕಾರವಾರ 14.80 ಉತ್ತರ, 74.13 ಪೂರ್ವ. ಯಲ್ಲಾಪುರ 14.96 ಉತ್ತರ, 74.71 ಪೂರ್ವ. ಮೇಲಿನ ಹಾಗೇ ಲೆಕ್ಕ ಹಾಕಿದರೆ ಅಂಕೋಲಾದಿಂದ ಕಾರವಾರ ನೇರ 24 ಕಿ.ಮೀ., ಯಲ್ಲಾಪುರ 55 ಕಿ.ಮೀ. ಪೈಥಾಗೊರಸ್ ಪ್ರಕಾರ ಕಾರವಾರಕ್ಕೂ ಯಲ್ಲಾಪುರಕ್ಕೂ ನಡುವೆ √(576 + 3025) = √3601, ಅಂದರೆ 60 ಕಿ.ಮೀ. ಇರಬೇಕು. ನಕ್ಷೆಯಲ್ಲಿ ಉತ್ತರ-ದಕ್ಷಿಣ 17.8, ಪೂರ್ವ-ಪಶ್ಚಿಮ 62.6. ನೇರ ದೂರ 65 ಕಿ.ಮೀ.

ಐದು ಕಿ.ಮೀ. ವ್ಯತ್ಯಾಸ ಎರಡು ಅಂಕಿಯ ತಪ್ಪಲ್ಲ, ಅದಕ್ಕಿಂತ ದೊಡ್ಡದು. ಪೈಥಾಗೊರಸ್ ಪ್ರಮೇಯದ ವಿಲೋಮವನ್ನು ಇಲ್ಲಿ ಬಳಸಿ. 65² = 4225. ಅದು 3601ಕ್ಕಿಂತ ಜಾಸ್ತಿ. ಹಾಗಾಗಿ ಅಂಕೋಲಾದಲ್ಲಿರುವ ಕೋನ 90 ಡಿಗ್ರಿಗಿಂತ ದೊಡ್ಡದು, ವಿಶಾಲಕೋನ. ಕಡಿಮೆ ಬಂದಿದ್ದರೆ ಲಘುಕೋನ. ಕೋನಮಾಪಕ ಇಲ್ಲದೆ, ಮೂರು ದೂರಗಳಿಂದಲೇ ಇದನ್ನು ಹೇಳಬಹುದು.

ಎಷ್ಟು ದೊಡ್ಡದು ಎಂದು ತಿಳಿಯಲು ಪಿಯುಸಿಯಲ್ಲಿ ಬರುವ ಕೊಸೈನ್ ಸೂತ್ರ ಬೇಕು:

d² = x² + y² − 2xy cos θ

ಇದು ಪೈಥಾಗೊರಸ್‌ಗೇ ಒಂದು ಬಾಲ ಸೇರಿಸಿದ್ದು. ಕೋನ 90 ಆದಾಗ cos θ ಸೊನ್ನೆಯಾಗಿ ಬಾಲ ಉದುರಿಹೋಗುತ್ತದೆ. ನಮ್ಮ ಅಂಕಿಗಳನ್ನು ಹಾಕಿದರೆ 4225 = 3601 − 2640 cos θ. cos θ ಸುಮಾರು −0.24, ಕೋನ ಸುಮಾರು 103ರಿಂದ 104 ಡಿಗ್ರಿ. ಕಾರವಾರ ಅಂಕೋಲಾದ ವಾಯವ್ಯಕ್ಕಿದೆ, ಉತ್ತರದಿಂದ ಪಶ್ಚಿಮಕ್ಕೆ ಸುಮಾರು 50 ಡಿಗ್ರಿ ವಾಲಿದೆ. ಯಲ್ಲಾಪುರ ಪೂರ್ವದಿಂದ ಉತ್ತರಕ್ಕೆ ಎದ್ದಿರುವುದು 37 ಡಿಗ್ರಿಯಷ್ಟು ಮಾತ್ರ. ಎರಡು ತಿರುವುಗಳು ಸಮ ಇಲ್ಲ. ಆ ಹದಿಮೂರು ಡಿಗ್ರಿಯೇ ಐದು ಕಿಲೋಮೀಟರ್ ಆಗಿ ಕಾಣುತ್ತಿದೆ.

ಹಾಗಾಗಿ ಅಂಕೋಲಾದಿಂದ ಹೊರಟ ಗಾಡಿಗಳ ಲೆಕ್ಕಕ್ಕೆ ಹೀಗೆ ಮಾಡಿ. ಮೊದಲು ರಸ್ತೆಯ ದೂರವನ್ನು ನೇರ ದೂರಕ್ಕೆ ಇಳಿಸಿ. ನಂತರ ಎರಡು ವರ್ಗಗಳನ್ನು ಕೂಡಿಸಿ, ಅದಕ್ಕೆ 2 × 0.24 × x × y ಸೇರಿಸಿ, ಆಮೇಲೆ ಮೂಲ ತೆಗೆಯಿರಿ. ಉದಾಹರಣೆಗೆ ನೇರ ದೂರಗಳು 15 ಮತ್ತು 20 ಆದರೆ 225 + 400 + 144 = 769, ಮೂಲ ಸುಮಾರು 27.7 ಕಿ.ಮೀ. ಬರೀ ಪೈಥಾಗೊರಸ್ ಹಾಕಿದ್ದರೆ 25 ಬರುತ್ತಿತ್ತು.